ಸರಿಗಮವನ್ನು ಡೊ ರೆ ಮಿಯಲ್ಲಿ ಬರೆದರೆ ‘ರಿ’ಗೆ ಯಾವ ಅಕ್ಷರ?

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. ಚರ್ಚಿನ ಗಾಯನ ತಂಡದ ಮಕ್ಕಳಿಗೆ ಸರಳೆ ವರಸೆ ಹೇಳಿಕೊಡಬೇಕಿದೆ. ಅವರಿಗೆ ಡೊ ರೆ ಮಿ ರೂಢಿ, ಸರಿಗಮ ಹೊಸದು. ‘ಸ ರಿ ಗ ಮ ಪ ದ ನಿ’ ಇದ್ದಲ್ಲೆಲ್ಲ ‘ಡೊ ರೆ ಮಿ ಫಾ ಸೋಲ್ ಲಾ ಟಿ’ ಎಂದು ಬರೆದುಕೊಟ್ಟರೆ ಸಾಕೇ?

ಕೀಬೋರ್ಡ್ ನುಡಿಸುವವರು
ಧಾರಾಳವಾಗಿ ಸಾಕು. ಅಲ್ಲೂ ಏಳು, ಇಲ್ಲೂ ಏಳು. ಸ ಅಂದರೆ ಡೊ, ರಿ ಅಂದರೆ ರೆ, ಹೀಗೇ ಮುಂದಕ್ಕೆ. ಡೊ ಅನ್ನು ಯಾವ ಮನೆಯಲ್ಲಾದರೂ ಇಟ್ಟುಕೊಳ್ಳಬಹುದು, ನಮ್ಮ ಷಡ್ಜದ ಹಾಗೆಯೇ.

ಪಿಟೀಲು ಶಿಕ್ಷಕಿ
ಡೊ ಜಾಗ ಬದಲಿಸುತ್ತದೆ ಎಂಬುದು ಆ ಮಕ್ಕಳ ಪದ್ಧತಿಯ ಮಟ್ಟಿಗೆ ಸರಿ. ಆದರೆ ಅಕ್ಷರಕ್ಕೆ ಅಕ್ಷರ ಇಟ್ಟರೆ ರಾಗವೇ ಕೆಡುತ್ತದೆ. ಸರಳೆ ವರಸೆ ಇರುವುದು ಮಾಯಾಮಾಳವಗೌಳದಲ್ಲಿ. ಬಿಳಿ ಒಂದರಲ್ಲಿ ಸ ಹಿಡಿದರೆ ರಿ ಅದರ ಪಕ್ಕದ ಕರಿ ಮನೆ, ಅಂದರೆ ಒಂದೇ ಅರ್ಧಸ್ವರ ಮೇಲೆ. ರೆ ಇರುವುದು ಎರಡು ಅರ್ಧಸ್ವರ ಮೇಲೆ. ದ, ಲಾ ಕಥೆಯೂ ಇದೇ: ನಮ್ಮ ದ ಪಂಚಮಕ್ಕೆ ಅಂಟಿಕೊಂಡಂತಿದೆ, ಲಾ ಒಂದು ಮನೆ ಆಚೆಗಿದೆ. ಹಾಗಾಗಿ ನೀವು ಬರೆದದ್ದನ್ನು ಮಕ್ಕಳು ಹಾಡಿದರೆ ಕೇಳುವುದು ಶಂಕರಾಭರಣ.

ತಪ್ಪಿದೆಯೇ ಎಂದು ತಿಳಿಯಲು ‘ಸ ರಿ ಗ’ ಅಷ್ಟನ್ನೇ ಹಾಡಿಸಿ. ಎರಡು ಮೆಟ್ಟಿಲೂ ಒಂದೇ ಎತ್ತರ ಅನ್ನಿಸಿದರೆ ತಪ್ಪಿದೆ. ಮೊದಲನೆಯದು ಗಿಡ್ಡ, ಎರಡನೆಯದು ಮೂರು ಅರ್ಧಸ್ವರದ ಹಾರು ಆಗಬೇಕು.

ಅವರ ಪದ್ಧತಿಯಲ್ಲಿ ಸ್ವರ ಇಳಿದರೆ ಅಕ್ಷರವೂ ಬದಲಾಗುತ್ತದೆ. ಇಳಿದ ರೆಗೆ ರಾ, ಇಳಿದ ಲಾಕ್ಕೆ ಲೇ. ಆದ್ದರಿಂದ ಆರೋಹಣವನ್ನು ಹೀಗೆ ಬರೆಯಿರಿ: ಡೊ ರಾ ಮಿ ಫಾ ಸೋಲ್ ಲೇ ಟಿ ಡೊ. ಇನ್ನೊಂದು ಎಚ್ಚರಿಕೆ, ಅಭ್ಯಾಸಬಲದಿಂದ ನಡುವೆ ‘ರಿ’ ಎಂದು ಬರೆದುಬಿಡಬೇಡಿ. ಅವರಿಗೆ ‘ರಿ’ ಎಂದರೆ ಏರಿಸಿದ ರೆ, ನಮ್ಮ ಷಟ್‌ಶ್ರುತಿ ರಿಷಭದ ಮನೆ. ನಿಮಗೆ ಬೇಕಾದ ಮನೆಗಿಂತ ಎರಡು ಮನೆ ಮೇಲಕ್ಕೆ ಹೋಗಿಬಿಡುತ್ತಾರೆ.

ಮೊಮ್ಮಗಳು ಪ್ಯಾರಿಸ್ಸಿನಲ್ಲಿರುವ ಹಿರಿಯರು
ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಮೊಮ್ಮಗಳು ಐದು ಶ್ರುತಿಯಲ್ಲಿ ಹಾಡುತ್ತಾಳೆ. ಅಲ್ಲಿನ ಶಾಲೆಯಲ್ಲಿ ಅವಳ ಷಡ್ಜವನ್ನು ‘ಸೋಲ್’ ಅನ್ನುತ್ತಾರಂತೆ. ಸೋಲ್ ಅಂದರೆ ಪಂಚಮ ಅಲ್ಲವೇ? ಮಗು ಶ್ರುತಿ ತಪ್ಪಿ ಹಾಡುತ್ತಿದ್ದಾಳೋ ಏನೋ ಎಂದು ನನಗೆ ಚಿಂತೆ.

ಪಿಟೀಲು ಶಿಕ್ಷಕಿ
ಚಿಂತೆ ಬೇಡ ಸರ್, ಮಗು ಸರಿಯಾಗಿಯೇ ಹಾಡುತ್ತಿದ್ದಾಳೆ. ಫ್ರಾನ್ಸ್, ಇಟಲಿ, ಸ್ಪೇನ್‌ಗಳಲ್ಲಿ ಡೊ ಎಂಬುದು ಬಿಳಿ ಒಂದರ ಹೆಸರು, ಅದು ಅಲ್ಲಾಡುವುದಿಲ್ಲ. ಐದು ಶ್ರುತಿ ಎಂದರೆ ಬಿಳಿ ಐದು, ಅದಕ್ಕೆ ಅಲ್ಲಿ ಸೋಲ್ ಎಂದೇ ಹೆಸರು. ಅವಳ ಷಡ್ಜ ಸೋಲ್ ಆದರೆ ಶುದ್ಧ ಮಧ್ಯಮ ಡೊ ಆಗುತ್ತದೆ, ಪಂಚಮ ರೆ ಆಗುತ್ತದೆ. ಟಿ ಬದಲು ‘ಸಿ’ ಅನ್ನುವುದೂ ಅಲ್ಲಿನ ವಾಡಿಕೆ.

ನನಗೆ ಬಹಳ ಹಿಡಿಸುವ ಸಂಗತಿ ಒಂದಿದೆ. ಆ ದೇಶಗಳಲ್ಲಿ ರೆ ಒಂದು ಮನೆ ಇಳಿದರೂ ಹಾಡುವಾಗ ‘ರೆ’ ಎಂದೇ ಹೇಳುತ್ತಾರೆ. ಮೂರು ಬಗೆಯ ರಿಷಭಕ್ಕೂ ನಾವು ‘ರಿ’ ಅನ್ನುವುದಿಲ್ಲವೇ, ಹಾಗೆ. ಅಕ್ಷರ ಬದಲಾಗದಿರುವುದರಲ್ಲಿ ಫ್ರೆಂಚರು ನಮಗೆ ಹತ್ತಿರ. ಆಧಾರ ಸ್ವರ ಎಲ್ಲಿ ಬೇಕಾದರೂ ಕೂರುವುದರಲ್ಲಿ ಚರ್ಚಿನ ಮಕ್ಕಳ ಪದ್ಧತಿ ನಮಗೆ ಹತ್ತಿರ. ಎರಡೂ ಗುಣ ಒಟ್ಟಿಗೆ ಇರುವುದು ಸರಿಗಮದಲ್ಲಿ. ಹಾಗಾಗಿ ಯಾವ ಡೊ ಎಂದು ಕೇಳಿಕೊಳ್ಳದೆ ಪಟ್ಟಿ ಬರೆಯಲು ಕೂರಬಾರದು.

ಕೀಬೋರ್ಡ್ ನುಡಿಸುವವರು
ಮೇಡಂ, ರಾ, ಲೇ ವಿಷಯ ಒಪ್ಪಿದೆ. ಹಾಗಾದರೆ ನಾಟ ರಾಗಕ್ಕೆ ಏನು ಬರೆಯುವುದು? ಏರುವಾಗ ಷಟ್‌ಶ್ರುತಿ ರಿಷಭಕ್ಕೆ ‘ರಿ’ ಸರಿ, ಮುಂದೆ ಮಿ ಇದೆ. ಇಳಿಯುವಾಗ ‘ಸ ನಿ ಪ ಮ ರಿ ಸ’ ಅಷ್ಟೇ, ಗಾಂಧಾರವೇ ಇಲ್ಲ. ಇಳಿಕೆಯಲ್ಲಿ ಆ ಮನೆಗೆ ‘ಮೇ’ ಎನ್ನುವುದು ಅವರ ರೂಢಿ. ‘ಫಾ ಮೇ ಡೊ’ ಎಂದು ಬರೆದರೆ ರಿಷಭ ಹೋಗಿ ಸಾಧಾರಣ ಗಾಂಧಾರ ಆದಂತಾಯಿತು.

ಪಿಟೀಲು ಶಿಕ್ಷಕಿ
ಮನೆ ಎರಡಕ್ಕೂ ಒಂದೇ, ನಿಜ. ಆದರೂ ನಾನು ಇಳಿಕೆಯಲ್ಲೂ ‘ರಿ’ಯನ್ನೇ ಬರೆಯುತ್ತೇನೆ, ರಾಗದ ಲೆಕ್ಕದಲ್ಲಿ ಅದು ರಿಷಭವಾದ್ದರಿಂದ. ಕಾಯಿರ್ ನಡೆಸುವವರು ‘ಮೇ’ ಸುಲಭ, ಮಕ್ಕಳ ಕಿವಿಗೆ ಪಳಗಿದ್ದು ಅದೇ ಎಂದು ವಾದಿಸುತ್ತಾರೆ. ಅವರ ಮಾತನ್ನೂ ತಳ್ಳಿಹಾಕಲಾರೆ.

ಪ್ರಶ್ನೆ ಕೇಳಿದವರು
ಸದ್ಯ ಮಾಯಾಮಾಳವಗೌಳವನ್ನು ‘ಡೊ ರಾ ಮಿ’ ಎಂದು ಬರೆಯುತ್ತೇನೆ. ಕೆಳಗಿನ ಸಾಲಿನಲ್ಲಿ ‘ಸ ರಿ ಗ’ವನ್ನೂ ಇಡುತ್ತೇನೆ. ಗಮಕವನ್ನು ಹೇಗೆ ಗುರುತಿಸುವುದು?

ಪಿಟೀಲು ಶಿಕ್ಷಕಿ
ಗುರುತಿಸಬೇಡಿ. ಸರಳೆ ವರಸೆಯ ಮಟ್ಟಿಗೆ ನೇರ ಸ್ವರ ಸಾಕು. ಮುಂದೆ ತೋಡಿಯ ಗಾಂಧಾರ ಬಂದಾಗ ‘ಮೇ’ ಎಂದು ಬರೆದರೆ ಮಕ್ಕಳು ಒಂದೇ ಮನೆಯಲ್ಲಿ ನಿಂತುಬಿಡುತ್ತಾರೆ, ಆ ಗಾಂಧಾರವೋ ತೂಗಾಡುತ್ತಲೇ ಇರುವಂಥದ್ದು. ಅದನ್ನು ಹಾಡಿಯೇ ತೋರಿಸಬೇಕು.