ಪದಚರ್ಚೆ: ಲಗ್ನಪತ್ರಿಕೆಯ ‘ಅಕ್ಷತಾ’ ಮತ್ತು ‘ಅದೇ ರಾತ್ರಿ’

ಕಲಬುರಗಿಯಿಂದ:

ಎಲ್ಲರಿಗೂ ನಮಸ್ಕಾರ. ತಂಗಿಯ ಮದುವೆ ಕಾರ್ಡಿನ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ಹಿರಿಯರು ಬರೆದುಕೊಟ್ಟ ಒಕ್ಕಣೆ ಹೀಗಿದೆ:

“ಶುಕ್ರವಾರ ದಿ. 8-5-2026ರಂದು ಬೆಳಿಗ್ಗೆ 9ಕ್ಕೆ ಹಂದರ, ಮರುದಿನ ಸಂಜೆ 5ಕ್ಕೆ ಸ್ವಗೃಹದಲ್ಲಿ ಸುರಗಿ, ಅದೇ ರಾತ್ರಿ 4ಕ್ಕೆ ಗುಗ್ಗಳ, ರವಿವಾರ ಹಗಲು 12.35ಕ್ಕೆ ಕಲ್ಯಾಣ ಮಂಟಪದಲ್ಲಿ ಅಕ್ಷತಾ, ತದನಂತರ ಭೋಜನ.”

ಇದನ್ನು ಕಾರ್ಯ, ದಿನ, ಸಮಯ, ಸ್ಥಳ ಅಂತ ನಾಲ್ಕು ಮನೆ ಮಾಡಿ ಪಟ್ಟಿ ಹಾಕಬೇಕು. ‘ಅಕ್ಷತಾ’ಕ್ಕೆ ಇಂಗ್ಲಿಷಿನಲ್ಲಿ ಏನು ಬರೆಯಲಿ? ಪ್ರೆಸ್ಸಿನವರು ರಿಸೆಪ್ಷನ್ ಅಂತ ಹಾಕಿಕೊಟ್ಟಿದ್ದಾರೆ.

ಮೈಸೂರಿನಿಂದ:

ಪ್ರೆಸ್ಸಿನವರು ಹಾಕಿದ್ದು ಸರಿಯೇ ಇದೆ. ಆರತಕ್ಷತೆಯನ್ನೇ ನಿಮ್ಮ ಕಡೆ ಚಿಕ್ಕದು ಮಾಡಿ ಅಕ್ಷತಾ ಅಂತಾರೆ. ಆರತಿ, ಅಕ್ಷತೆ ಎರಡೂ ಸೇರಿ ಆದ ಪದ ಅಲ್ವಾ?

ಬೀದರಿನಿಂದ:

ಸರ್, ಆರತಕ್ಷತೆ ಪದದ ಹುಟ್ಟು ನೀವು ಹೇಳಿದಂತೆಯೇ, ಆದರೆ ಅಕ್ಷತಾ ಅದನ್ನು ಚಿಕ್ಕದು ಮಾಡಿದ್ದಲ್ಲ. ನಮ್ಮ ಕಡೆ ಅಕ್ಷತಾ ಅಂದ್ರೆ ಮುಹೂರ್ತವೇ. ಮಂಗಳಾಷ್ಟಕ ಮುಗಿದು ನೆರೆದವರೆಲ್ಲ ಅಕ್ಕಿಕಾಳು ಹಾಕುವ ಗಳಿಗೆ. ‘ಅಕ್ಷತಾಕ್ಕೆ ಬಂದಿದ್ದೆ’ ಅಂದ್ರೆ ಮದುವೆಗೇ ಬಂದಿದ್ದೆ ಅಂತ. ರಿಸೆಪ್ಷನ್ ಅಂತ ಅಚ್ಚಾದರೆ ಹೈದರಾಬಾದಿನ ನೆಂಟರು ಅದಕ್ಕೆ ಮುಹೂರ್ತದಷ್ಟು ಅವಸರ ಇಲ್ಲ ಅಂದುಕೊಂಡು ಆರಾಮಾಗಿ ಎರಡು ಗಂಟೆಗೆ ಬರುತ್ತಾರೆ. ಆಗ ಮಂಟಪದಲ್ಲಿ ಊಟದ ಪಂಕ್ತಿ ಮಾತ್ರ ಇರುತ್ತದೆ. ಆ ಸಾಲಿನಲ್ಲಿ ‘ವೆಡ್ಡಿಂಗ್ (ಅಕ್ಷತಾ)’ ಅಂತ ಹಾಕಿ. ಸಮಯ 12.35 ಪಿಎಂ. ಎಎಂ ಆದರೆ ಮಧ್ಯರಾತ್ರಿ ಆಗುತ್ತದೆ. ಪಕ್ಕದಲ್ಲಿ ‘ನೂನ್’ ಅಂತ ಬರೆಯುವುದು ಬೇಡ, ಅದು ಬರೀ 12ಕ್ಕೆ ಹೊಂದುತ್ತದೆ.

ಆದರೆ ನಿಮ್ಮ ಒಕ್ಕಣೆಯಲ್ಲಿ ನಿಜವಾದ ತೊಡಕು ಅಕ್ಷತಾ ಅಲ್ಲ, ‘ಅದೇ ರಾತ್ರಿ 4ಕ್ಕೆ’ ಅನ್ನೋದು. ಹಿರಿಯರ ಲೆಕ್ಕದಲ್ಲಿ ಹೊತ್ತು ಹುಟ್ಟುವ ತನಕ ಶನಿವಾರವೇ. ಪಂಚಾಂಗವೂ ಹಾಗೇ ಎಣಿಸುತ್ತದೆ. ಕ್ಯಾಲೆಂಡರಿನಲ್ಲಿ ಮಾತ್ರ ಆಗಲೇ 10ನೇ ತಾರೀಖು, ರವಿವಾರ. ಇಂಗ್ಲಿಷ್ ಕಡೆ ‘ಶನಿವಾರ 9, 4 ಎಎಂ’ ಅಂತ ಬಿದ್ದರೆ ಮಂದಿ ಪೂರ್ತಿ ಒಂದು ದಿನ ಮೊದಲೇ ಎದ್ದು ಬರುತ್ತಾರೆ. ಸುರಗಿಗಿಂತಲೂ ಮುಂಚೆ!

ಪಟ್ಟಿಗೆ ಇಳಿಸುವಾಗ ‘ಮರುದಿನ’, ‘ಅದೇ’, ‘ತದನಂತರ’ ಇವನ್ನೆಲ್ಲ ಬಿಡಬೇಕು. ಸಾಲಿನೊಳಗೆ ಇವು ಹಿಂದಿನ ಮಾತನ್ನು ಹಿಡಿದು ನಿಲ್ಲುತ್ತವೆ. ಪಟ್ಟಿಯಲ್ಲಿ ಒಂದೊಂದು ಸಾಲನ್ನೂ ಮಂದಿ ಬೇರೆಯಾಗಿ ಓದುತ್ತಾರೆ. ಪ್ರತಿ ಸಾಲಿಗೂ ವಾರ, ತಾರೀಖು ಮತ್ತೆ ಬರೆಯಿರಿ:

ಹಂದರ | ಶುಕ್ರವಾರ 8-5-2026 | ಬೆಳಿಗ್ಗೆ 9.00 | ?
ಸುರಗಿ | ಶನಿವಾರ 9-5-2026 | ಸಂಜೆ 5.00 | ವಧುವಿನ ಮನೆ?
ಗುಗ್ಗಳ | ರವಿವಾರ 10-5-2026 | ನಸುಕಿನ 4.00 | ?
ಅಕ್ಷತಾ | ರವಿವಾರ 10-5-2026 | ಹಗಲು 12.35 | ಕಲ್ಯಾಣ ಮಂಟಪ

ಪ್ರಶ್ನೆ ಚಿಹ್ನೆ ಇಟ್ಟಿದ್ದು ಬೇಕಂತಲೇ. ‘ಸ್ವಗೃಹ’ ಯಾರದು? ಕರೆಯೋರು ಯಾರು ಅನ್ನೋದರ ಮೇಲೆ ಅದು ಬದಲಾಗುತ್ತದೆ. ಎರಡೂ ಮನೆಯವರು ಸೇರಿ ಒಂದೇ ಕಾರ್ಡು ಹಂಚಿದರೆ ಅರ್ಥವೇ ನಿಲ್ಲುವುದಿಲ್ಲ. ಓಣಿ, ಊರು ಬರೆಯಿರಿ. ಭೋಜನಕ್ಕೆ ಗಂಟೆ ಕೊಟ್ಟಿಲ್ಲ, ಹಾಗಾಗಿ ಅದನ್ನು ಪಟ್ಟಿಯ ಕೆಳಗೆ ಒಂದು ಸಾಲು ಮಾಡಿ ಸಾಕು.

ಯಾದಗಿರಿಯಿಂದ:

ನಮ್ಮಲ್ಲಿ ಎರಡು ಭಾಷೆಯ ಕಾರ್ಡು ಅಂದ್ರೆ ಕನ್ನಡ ಮತ್ತು ಉರ್ದು. ನೀವು ಕೇಳಿದ್ದೂ ಅದೇ ಅಂದುಕೊಂಡೆ. ಇರಲಿ, ಹೇಳಿಬಿಡುತ್ತೇನೆ. ಅಣ್ಣನ ನಿಕಾಹ್ ಕಾರ್ಡಿನಲ್ಲಿ ಉರ್ದು ಪಟ್ಟಿಯ ಮನೆಗಳನ್ನು ಕನ್ನಡದ ಕ್ರಮದಲ್ಲೇ ಬಿಟ್ಟಿದ್ದರು. ಉರ್ದು ಬಲದಿಂದ ಓದುವುದು, ಹಾಗಾಗಿ ಮೊದಲು ಸ್ಥಳ, ಕೊನೆಗೆ ವಲೀಮಾ ಬಂತು. ಮನೆಗಳನ್ನು ತಿರುಗಿಸಬೇಕು. ಗಂಟೆಯ ಅಂಕಿಗಳನ್ನು ಮಾತ್ರ ತಿರುಗಿಸಬಾರದು, ಉರ್ದುವಿನಲ್ಲೂ ಅವು ಎಡದಿಂದಲೇ.

ರಾತ್ರಿಯ ಗೊಂದಲ ನಮಗೆ ಉಲ್ಟಾ. ಹೊತ್ತು ಮುಳುಗಿದರೆ ಮುಂದಿನ ದಿನ ಶುರು. ‘ಶಬೆ ಜುಮಾ’ ಅಂದ್ರೆ ಗುರುವಾರ ರಾತ್ರಿ. ಅದನ್ನು ‘ಶುಕ್ರವಾರ ರಾತ್ರಿ’ ಅಂತ ಕನ್ನಡಕ್ಕೆ ಇಳಿಸಿದರೆ ಮುಗೀತು.

ಕಲಬುರಗಿಯಿಂದ:

ಎಲ್ಲರಿಗೂ ಥ್ಯಾಂಕ್ಸ್. ಸುರಗಿ ನಮ್ಮ ಮನೆಯಲ್ಲಿ, ಆಳಂದದಲ್ಲಿ. ಗುಗ್ಗಳ ಹುಡುಗನ ಮನೆಯಿಂದ ಹೊರಡುತ್ತದಂತೆ, ಅದು ನನಗೆ ಈಗಷ್ಟೇ ಗೊತ್ತಾಯಿತು. ಆದರೆ ನಸುಕಿನ 4ಕ್ಕೆ ‘ರವಿವಾರ’ ಅಂತ ಹಾಕಲು ಕಾಕಾ ಒಪ್ಪುತ್ತಿಲ್ಲ. ‘ಸ್ವಾಮಿಗಳು ಶನಿವಾರ ಅಂತ ಕೊಟ್ಟಿದ್ದಾರೆ’ ಅಂತಾರೆ.

ಬೀದರಿನಿಂದ:

ಕನ್ನಡದ ಕಡೆ ‘ಶನಿವಾರ ರಾತ್ರಿ (ರವಿವಾರ ನಸುಕಿನ) 4ಕ್ಕೆ’ ಅಂತ ಎರಡೂ ಬರೆಯಿರಿ, ಇಂಗ್ಲಿಷ್ ಕಡೆ ಬರೀ ರವಿವಾರ 10 ಇರಲಿ. ಸುರಗಿಯನ್ನು ಇಂಗ್ಲಿಷಿನಲ್ಲೂ ಸುರಗಿ ಅಂತಲೇ ಬಿಡಿ. ನಾಲ್ಕು ಮೂಲೆಗೆ ಚರಿಗೆ ಇಟ್ಟು ನೂಲು ಸುತ್ತಿ ನೀರು ಹಾಕೋದನ್ನು ಎರಡು ಪದದಲ್ಲಿ ಹೇಳೋಕಾಗಲ್ಲ.

ಮೈಸೂರಿನಿಂದ:

ಒಪ್ಪಿದೆ. ಆದರೂ ‘ಸುರಗಿ’ ಅಂದ್ರೆ ನಮಗೆ ಹೂವು. ಓದಿದವರು ಅದನ್ನು ಹೂ ಮುಡಿಸುವ ಶಾಸ್ತ್ರ ಅಂದುಕೊಂಡರೆ?