ಗ್ರಂಥಾಲಯಕ್ಕೆ ದೇಣಿಗೆ ಕೇಳುವ ವಿಡಿಯೊ: ಗ್ರೂಪಿನ ಪ್ರಶ್ನೋತ್ತರ

ಜಮಖಂಡಿ ಕಡೆಯ ಸದಸ್ಯ: ಮೇಡಂ, ನಮ್ಮೂರ ಗ್ರಂಥಾಲಯಕ್ಕೆ 7 ನಿಮಿಷದ ವಿಡಿಯೊ ಮಾಡಿ ಎಲ್ಲ ಗ್ರೂಪಿಗೂ ಹಾಕಿದೆವು. ಎಲ್ಲರೂ ಚೆನ್ನಾಗಿದೆ ಅಂದರು. ಬೇಕಾಗಿದ್ದು 60,000, ಬಂದದ್ದು 6,200. ಯಾಕೆ ಹೀಗಾಯಿತು? ವಿಡಿಯೊ, ಖರ್ಚಿನ ಪಟ್ಟಿ ಎರಡೂ ಹಾಕಿದ್ದೇನೆ.

ವಿಡಿಯೊ ಮೇಡಂ, ಬೆಳಗಾವಿ: ಪೂರ್ತಿ ನೋಡಿದೆ. ಮೊದಲ ಎರಡು ನಿಮಿಷ ಬರೀ ಹಾರ, ಭಾಷಣ. ದುಡ್ಡಿನ ಮಾತು ಬರುವುದು ಆರನೇ ನಿಮಿಷಕ್ಕೆ, ಅದೂ ‘ಕೈಲಾದಷ್ಟು ಸಹಾಯ ಮಾಡಿ’ ಅಂತ. ಅಷ್ಟೊತ್ತಿಗೆ ಜಾಸ್ತಿ ಜನ ಮುಂದೆ ಹೋಗಿರುತ್ತಾರೆ. ಉಳಿದವರಿಗೂ 100 ಕೊಡಬೇಕೋ 5,000 ಕೊಡಬೇಕೋ ತಿಳಿಯುವುದಿಲ್ಲ.

ಕಥೆ ನಿಮ್ಮ ವಿಡಿಯೊದಲ್ಲೇ ಇದೆ, ನಾಲ್ಕನೇ ನಿಮಿಷದಲ್ಲಿ. ಪೊಲೀಸ್ ಪರೀಕ್ಷೆಗೆ ಓದುವ ಹುಡುಗಿ, ‘ಕರೆಂಟ್ ಹೋದರೆ ಪುಸ್ತಕ ಮುಚ್ಚಿ ಎದ್ದು ಹೋಗಬೇಕು’ ಅನ್ನುತ್ತಾಳೆ. ಅಲ್ಲಿಂದಲೇ ಶುರು ಮಾಡಿ. ಅವಳು ನೆಲದ ಮೇಲೆ ಕೂತು ಬರೆಯುವುದು ಕಾಣಲಿ. ಉಳಿದವರ ಮಾತು ಬೇಡ. ಒಟ್ಟು 90 ಸೆಕೆಂಡ್ ಸಾಕು.

ಅರ್ಧ ನಿಮಿಷಕ್ಕೆ ಕೇಳಿಬಿಡಿ. ನಿಮ್ಮ ಪಟ್ಟಿಯಲ್ಲಿ ಆರು ಮೇಜು-ಬೆಂಚಿಗೆ 39,000, ಇನ್ವರ್ಟರ್ ಬ್ಯಾಟರಿಗೆ 21,000 ಇದೆ. ‘120 ಜನ 500 ರೂಪಾಯಿ ಕೊಟ್ಟರೆ ಇಷ್ಟೂ ಬರುತ್ತದೆ’ ಅಂತ ಹುಡುಗಿಯೇ ಹೇಳಲಿ. ಕೊನೆಯ ತಾರೀಖು ಹೇಳಿ. ಜಾಸ್ತಿ ಬಂದರೆ ಯಾವುದಕ್ಕೆ ಬಳಸುತ್ತೀರಿ, ಅದನ್ನೂ ಹೇಳಿ.

ಇನ್ನು ಪುರಾವೆ. ಗ್ರಂಥಾಲಯದ ಬೋರ್ಡಿನಿಂದ ಶುರು ಮಾಡಿ, ಬಾಗಿಲು ದಾಟಿ, ಖಾಲಿ ಕೋಣೆಯವರೆಗೆ ಒಂದೇ ಶಾಟ್ ತೆಗೆಯಿರಿ, ನಡುವೆ ಕಟ್ ಮಾಡಬೇಡಿ. ವೆಲ್ಡಿಂಗ್ ಅಂಗಡಿಯವರ ಕೊಟೇಶನ್ ಓದಲು ಬರುವಷ್ಟು ಹತ್ತಿರ ಹಿಡಿಯಿರಿ. ಕ್ಯಾಮೆರಾ ಇಟ್ಟ ಜಾಗಕ್ಕೆ ಸುಣ್ಣದಲ್ಲಿ ಗುರುತು ಹಾಕಿ. ಮೇಜು ಬಂದ ಮೇಲೆ ಅಲ್ಲಿಂದಲೇ ಮತ್ತೆ ತೆಗೆದರೆ, ಅದೇ ಕೋಣೆ ಅಂತ ಯಾರಿಗೂ ಅನುಮಾನ ಬರುವುದಿಲ್ಲ.

ಆದರೆ ಇದಕ್ಕೆಲ್ಲ ಮೊದಲು ಒಂದು ಕೆಲಸ ಇದೆ. ಆ 6,200 ಕೊಟ್ಟವರಿಗೆ ಲೆಕ್ಕ ಕೊಟ್ಟಿದ್ದೀರಾ?

ಜಮಖಂಡಿ ಕಡೆಯ ಸದಸ್ಯ: ಇಲ್ಲ ಮೇಡಂ. ಖಾತೆಯಲ್ಲೇ ಇದೆ.

ವಿಡಿಯೊ ಮೇಡಂ: ಹಾಗಾದರೆ ಅದರಲ್ಲಿ ಈಗಲೇ ಒಂದು ಜೊತೆ ಮೇಜು-ಬೆಂಚು ಹಾಕಿಸಿ. 300 ಕಡಿಮೆ ಬೀಳುತ್ತದೆ, ಊರಲ್ಲೇ ಸೇರಿಸಿ. ಬಿಲ್ಲು, ಮೇಜು ಎರಡೂ ಕಾಣುವ 20 ಸೆಕೆಂಡಿನ ವಿಡಿಯೊ ಮೊದಲು ಅವರಿಗೆ ಕಳಿಸಿ. ಹೊಸ ವಿಡಿಯೊದಲ್ಲಿ ‘ಒಂದು ಬಂದಿದೆ, ಐದು ಬೇಕು’ ಅನ್ನಬಹುದು. ಬೇಕಾದ್ದು 53,500 ಆಗುತ್ತದೆ, ಅಂದರೆ 107 ಜನ. ಲೆಕ್ಕ ಕೊಡದೆ ಎರಡನೇ ಸಲ ಕೇಳಿದರೆ ಮೊದಲ ದುಡ್ಡು ಎಲ್ಲಿ ಹೋಯಿತು ಅಂತ ಕೇಳುತ್ತಾರೆ. ಕೇಳಬೇಕಾದದ್ದೇ.

ಮುಧೋಳದ ಸದಸ್ಯೆ: ಮೊಬೈಲಿನಲ್ಲಿ ತೆಗೆದರೆ ನಡೆಯುತ್ತದಾ?

ವಿಡಿಯೊ ಮೇಡಂ: ನಡೆಯುತ್ತದೆ. ಫ್ಯಾನ್ ಆಫ್ ಮಾಡಿ, ಮಾತಾಡುವವರ ಹತ್ತಿರ ಮೈಕ್ ಇಡಿ.

ಇಂಡಿ ಕಡೆಯ ಸದಸ್ಯ: ಫಾರ್ವರ್ಡ್ ಬಂದಿದೆ ನೋಡಿ: ‘ಮೊದಲ 3 ಸೆಕೆಂಡಿನಲ್ಲಿ ಮಗು ಅಳುವುದು ತೋರಿಸಿ, ದುಃಖದ ಸಂಗೀತ ಹಾಕಿ, ದುಡ್ಡು ತಾನಾಗಿ ಬರುತ್ತದೆ.’

ವಿಡಿಯೊ ಮೇಡಂ: ದಯವಿಟ್ಟು ಇಂಥದ್ದನ್ನು ಇಲ್ಲಿ ಹಾಕಬೇಡಿ. ಆ ಮಗು ನಾಳೆ ಅದೇ ಊರಿನ ಶಾಲೆಗೆ ಹೋಗಬೇಕು. ಮಕ್ಕಳನ್ನು ತೋರಿಸುವ ಮೊದಲು ತಂದೆ ತಾಯಿಯ ಒಪ್ಪಿಗೆ ಬೇಕೇ ಬೇಕು. ಇನ್ನೊಬ್ಬರ ಹಾಡು ಹಾಕಿದರೆ ಯೂಟ್ಯೂಬ್ ವಿಡಿಯೊದ ದನಿಯನ್ನೇ ನಿಲ್ಲಿಸಬಹುದು.

ಗೋಕಾಕದ ಸದಸ್ಯ: ನಮ್ಮ ಗುಡಿಯ ಅನ್ನದಾಸೋಹಕ್ಕೆ ಕ್ಯೂಆರ್ ಕೋಡ್ ಕೊನೆಯಲ್ಲಿ ಹಾಕಿದ್ದೆವು. ಅಷ್ಟು ಸಾಕಲ್ವಾ?

ವಿಡಿಯೊ ಮೇಡಂ: ವಿಡಿಯೊ ನೋಡುವುದೂ ಅದೇ ಫೋನು, ಸ್ಕ್ಯಾನ್ ಮಾಡಬೇಕಾದ್ದೂ ಅದೇ ಫೋನು. ಹೇಗೆ ಮಾಡುತ್ತಾರೆ? ಯುಪಿಐ ಐಡಿಯನ್ನು ವಿಡಿಯೊ ಜೊತೆಗಿನ ಮೆಸೇಜಿನಲ್ಲೂ ಟೈಪ್ ಮಾಡಿ ಕೊಡಿ, ಕಾಪಿ ಮಾಡಿಕೊಳ್ಳುತ್ತಾರೆ. ದುಡ್ಡು ಹಾಕುವಾಗ ಯಾರ ಹೆಸರು ಕಾಣುತ್ತದೆ, ಅದನ್ನೂ ಮೊದಲೇ ಹೇಳಿ. ಸಮಿತಿಯ ಖಾತೆಯೇ ಒಳ್ಳೆಯದು.

ಇಂಡಿ ಕಡೆಯ ಸದಸ್ಯ: ಅಲ್ಲ, ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ. ಮತ್ತೆ ದೇಣಿಗೆ ಯಾಕೆ ರೀ? ಪಂಚಾಯಿತಿಯವರು ಕೊಡಲಿ.

ಅಥಣಿಯ ನಿವೃತ್ತ ಗುರುಗಳು: ಕರ ಇರುವುದು ನಿಜ. 1965ರ ಕಾಯ್ದೆಯಿಂದ ಬಂದದ್ದು. ಆದರೆ ಊರಿನ ಕರದಲ್ಲಿ ಎಷ್ಟು ಬರುತ್ತದೆ ಅಂತ ಒಮ್ಮೆ ಲೆಕ್ಕ ಕೇಳಿ ನೋಡಿ ತಮ್ಮಾ.

ಇಂಡಿ ಕಡೆಯ ಸದಸ್ಯ: ಕೇಳಿದರೆ ಕೊಡುತ್ತಾರಾ? ನೀವು ಕೇಳಿದ್ದೀರಾ ಗುರುಗಳೇ? ಸುಮ್ನೆ ಹೇಳುವುದು ಸುಲಭ.

ಅಥಣಿಯ ನಿವೃತ್ತ ಗುರುಗಳು: ಮಾತು ಸರಿಯಾಗಿ ಆಡಿ. ಅರ್ಜಿ ಕೊಟ್ಟು ಪಡೆದಿದ್ದೇನೆ.

ಮುಧೋಳದ ಸದಸ್ಯೆ: ಮೇಡಂ, ಡ್ರೋನ್ ಶಾಟ್ ಬೇಕಾ? ಬಾಡಿಗೆ ಎಷ್ಟು?

ಗೋಕಾಕದ ಸದಸ್ಯ: ಇಬ್ಬರೂ ಬೇರೆ ಕಡೆ ಜಗಳ ಮಾಡ್ರಿ. ವಿಡಿಯೊ ಬಗ್ಗೆ ಕೇಳೋಕೆ ಬಂದಿದ್ದೇವೆ.

ವಿಡಿಯೊ ಮೇಡಂ: ಕರದ ಪ್ರಶ್ನೆ ದಾನಿಗಳೂ ಕೇಳುತ್ತಾರೆ. ಪಂಚಾಯಿತಿಯಿಂದ ಏನು ಬಂದಿದೆ, ಏನು ಬಂದಿಲ್ಲ, ಒಂದೇ ವಾಕ್ಯದಲ್ಲಿ ವಿಡಿಯೊದಲ್ಲೇ ಹೇಳಿಬಿಡಿ. ಯಾರನ್ನೂ ಬೈಯಬೇಡಿ.

ಹೊಸ ಸದಸ್ಯ: ನಮಸ್ಕಾರ. ಮೊಬೈಲಿನಲ್ಲಿ ಮಾಡಬಹುದಾ?

ವಿಡಿಯೊ ಮೇಡಂ: ಮೇಲೆ ಓದಿ.

ಜಮಖಂಡಿ ಕಡೆಯ ಸದಸ್ಯ: ಹುಡುಗಿ ಒಪ್ಪಿದ್ದಾಳೆ. ಅವರ ತಂದೆ ಮುಖ ತೋರಿಸಬೇಡಿ ಅನ್ನುತ್ತಿದ್ದಾರೆ. ಏನು ಮಾಡಲಿ?

ವಿಡಿಯೊ ಮೇಡಂ: ಮುಖ ಬೇಡ. ಬರೆಯುವ ಕೈ, ಪುಸ್ತಕ, ಅವಳ ದನಿ ಇದ್ದರೆ ಸಾಕು. ಎಡಿಟ್ ಮಾಡಿದ ಮೇಲೆ ಮೊದಲು ಆ ತಂದೆಗೇ ತೋರಿಸಿ. ಅವರು ಸರಿ ಅಂದ ಮೇಲೆ ಗ್ರೂಪಿಗೆ ಹಾಕಿ.