ವೀಸಾ ಪತ್ರದಲ್ಲಿ ರೋಗಿಯ ಜೊತೆ ಹೋಗುವವರನ್ನು ಏನೆನ್ನಬೇಕು?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಸಲಹೆ ಬೇಕು, ಸ್ವಲ್ಪ ಬೇಗ ಬೇಕು. ನಮ್ಮ ಅತ್ತೆಗೆ ಲಂಡನ್ನಿನ ಖಾಸಗಿ ಆಸ್ಪತ್ರೆಯಲ್ಲಿ ಬೆನ್ನುಮೂಳೆಯ ಆಪರೇಷನ್ ಆಗಬೇಕಿದೆ. ನೋಡಿಕೊಳ್ಳಲು ನಾನು ಹೋಗುತ್ತೇನೆ. ಖರ್ಚಿನ ದೊಡ್ಡ ಪಾಲು ಕೊಡುವವರು ತಿಪಟೂರಿನ ದೊಡ್ಡಪ್ಪ. ಅವರು ಕನ್ನಡದಲ್ಲೇ ಪತ್ರ ಬರೆದುಕೊಟ್ಟಿದ್ದಾರೆ. ಅದರಲ್ಲಿ "ಅತ್ತೆಯ ಸಹಾಯಕಿಯಾಗಿ ಸುಮಾ ಹೋಗುತ್ತಾಳೆ" ಎಂದಿದೆ. ಇಂಗ್ಲಿಷಿಗೆ ಮಾಡಿಸಿದಾಗ ಅದು 'ಅಸಿಸ್ಟೆಂಟ್' ಆಯಿತು. ಓದಿದವರಿಗೆ ನಾನು ಸಂಬಳಕ್ಕೆ ಹೋಗುವವಳು ಅನ್ನಿಸುತ್ತದೆ, ಅಲ್ವಾ? ವಿಸಿಟರ್ ವೀಸಾದಲ್ಲಿ ಅಲ್ಲಿ ಕೆಲಸ ಮಾಡುವ ಹಾಗಿಲ್ಲ. ದೊಡ್ಡಪ್ಪ ಮತ್ತೆ ಬರೆದುಕೊಡುತ್ತಾರೆ. ಯಾವ ಪದ ಹಾಕಿಸಲಿ? ಆರೈಕೆದಾರಳು? ಪರಿಚಾರಕಿ?

ಸುಮಾ, ಬಸವನಗುಡಿ

*

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಬೆಂಗಳೂರಿನ ಆಸ್ಪತ್ರೆಗಳಲ್ಲಿ ರೋಗಿಯ ಕಡೆಯವರಿಗೆ ಅಟೆಂಡರ್ ಪಾಸ್ ಅಂತಲೇ ಕೊಡುತ್ತಾರೆ. ಪರಿಚಾರಕಿ ಅಂದರೆ ನರ್ಸ್ ಆಗುತ್ತದೆ, ಅದು ಬೇಡ. ಮೆಡಿಕಲ್ ಅಟೆಂಡೆಂಟ್ ವೀಸಾ ಅನ್ನೋದೇ ಬೇರೆ ಇದೆ. ಆ ಹೆಸರನ್ನೇ ಪತ್ರದಲ್ಲಿ ಬರೆಸಿ, ಮುಗೀತು.

ನಾಗರಾಜ

*

ನಾಗರಾಜ ಅವರು ಪರಿಚಾರಕಿ ಬಗ್ಗೆ ಹೇಳಿದ್ದು ಸರಿ. ಆದರೆ ಆ ವೀಸಾ ಭಾರತದ್ದು. ಹೊರದೇಶದಿಂದ ಇಲ್ಲಿಗೆ ಚಿಕಿತ್ಸೆಗೆ ಬರುವವರ ಜೊತೆಯವರಿಗೆ ಅದನ್ನು ಕೊಡುತ್ತಾರೆ. ಬ್ರಿಟನ್ನಿನಲ್ಲಿ ಅಂಥ ಪ್ರತ್ಯೇಕ ವೀಸಾ ಇಲ್ಲ. ಸುಮಾ ಅವರು ತಮ್ಮದೇ ವಿಸಿಟರ್ ಅರ್ಜಿ ಹಾಕಬೇಕು. ಅತ್ತೆಯ ಅರ್ಜಿಯೊಳಗೆ ಸೇರಿಕೊಳ್ಳಲು ಆಗುವುದಿಲ್ಲ.

ಹಾಗಾಗಿ ಹುದ್ದೆಯಂಥ ಪದ ಯಾವುದೂ ಬೇಡ, ಸಂಬಂಧವನ್ನೇ ಬರೆಸಿ. ನನಗೆ 'ಸಹಾಯಕಿ'ಗಿಂತ ಜಾಸ್ತಿ ಭಯ 'ಅತ್ತೆ' ಮೇಲೆ. ನಮ್ಮಲ್ಲಿ ಅಪ್ಪನ ತಂಗಿಯೂ ಅತ್ತೆ, ಸೋದರಮಾವನ ಹೆಂಡತಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಒಂದು ಕಾಗದದಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಅನುವಾದ ಬಂದರೆ ಅಧಿಕಾರಿಗೆ ಕಾಗದಗಳು ಹೊಂದುವುದಿಲ್ಲ. ನಿಮ್ಮ ಅತ್ತೆ ಅಪ್ಪನ ತಂಗಿಯಾಗಿದ್ದರೆ ದೊಡ್ಡಪ್ಪ ಹೀಗೆ ಬರೆಯಲಿ: "ರೋಗಿ ನನ್ನ ಒಡಹುಟ್ಟಿದ ತಂಗಿ. ಸುಮಾ ನನ್ನ ತಮ್ಮನ ಮಗಳು. ತಂಗಿಯನ್ನು ನೋಡಿಕೊಳ್ಳಲು ಸಂಬಳವಿಲ್ಲದೆ ಜೊತೆಗೆ ಹೋಗುತ್ತಾಳೆ."

ಅನುವಾದದ ಕೊನೆಯಲ್ಲಿ ಇದು ಮೂಲಕ್ಕೆ ಸರಿಯಾಗಿದೆ ಎಂಬ ಮಾತು, ತಾರೀಖು, ಅನುವಾದಕರ ಪೂರ್ತಿ ಹೆಸರು, ಸಹಿ, ಸಂಪರ್ಕ ವಿವರ ಇರಲೇಬೇಕು. ಬರೀ ಸೀಲು ಒತ್ತಿಸಿ ಸುಮ್ನೆ ಕೂರಬೇಡಿ.

ಆಸ್ಪತ್ರೆ ಪತ್ರದಲ್ಲಿ ಏನಿದೆ? ದೊಡ್ಡಪ್ಪನ ಹಣ ಎಲ್ಲಿಂದ ಬಂತು?

ಮೂರ್ತಿ, ಜಯನಗರ

*

ನಮ್ಮ ತಾಯಿಗೆ ಅಮೆರಿಕಕ್ಕೆ ಬಿ-2 ವೀಸಾ ಮಾಡಿಸಿದೆವು. ಅಲ್ಲಿನ ಆಸ್ಪತ್ರೆ ಪತ್ರ ಒಂದೇ ಸಾಲದು. ಕಾಯಿಲೆ ಏನು, ಅಲ್ಲಿಗೇ ಯಾಕೆ ಹೋಗಬೇಕು ಅಂತ ಇಲ್ಲಿನ ಡಾಕ್ಟರ್ ಪತ್ರವೂ ಬೇಕು. ನೀವು ಇಲ್ಲಿಂದ ತಗೊಂಡಿದ್ದೀರಾ?

ವಸಂತಾ

*

ವಸಂತಾ ಮೇಡಂ, ನಮ್ಮದು ಬ್ರಿಟನ್. ಆದರೂ ಇಲ್ಲಿನ ಡಾಕ್ಟರ ಪತ್ರ ಇಟ್ಟಿದ್ದೇನೆ.

ಮೂರ್ತಿ ಸರ್, ಲಂಡನ್ನಿನ ತಜ್ಞರು ಕಾಯಿಲೆ, ಆಸ್ಪತ್ರೆಯ ಹೆಸರು, 30,000 ಪೌಂಡ್ ಅಂದಾಜು ಬರೆದಿದ್ದಾರೆ. ಅವಧಿಗೆ ಮಾತ್ರ "ಚೇತರಿಕೆ ನೋಡಿಕೊಂಡು" ಎಂದಿದೆ. ಅತ್ತೆಯ ಖಾತೆಯಲ್ಲಿ 12 ಲಕ್ಷ ಇದೆ. ದೊಡ್ಡಪ್ಪ ಹೋದ ತಿಂಗಳು 30 ಲಕ್ಷ ಹಾಕಿದ್ದಾರೆ, ತೋಟದ ಒಂದು ತುಂಡು ಮಾರಿದ ಹಣ. ಅವರ ಪಹಣಿ ಜೋಡಿಸಿದ್ದೇನೆ.

ಸುಮಾ

*

ಎರಡು ಕಡೆ ಸಿಕ್ಕಿಕೊಳ್ಳುತ್ತದೆ. ಮೊದಲನೆಯದು ಆ "ಚೇತರಿಕೆ ನೋಡಿಕೊಂಡು". ಚಿಕಿತ್ಸೆಗೆ ಒಂದು ಕೊನೆ ಇದೆ ಎಂದು ಪತ್ರದಿಂದ ಗೊತ್ತಾಗಬೇಕು. ಆಸ್ಪತ್ರೆವಾಸ ಎಷ್ಟು ದಿನ, ಆಮೇಲೆ ಎಷ್ಟು ವಾರ ಅಲ್ಲೇ ಇರಬೇಕು ಎಂದು ತಜ್ಞರಿಂದ ಬರೆಸಿಕೊಳ್ಳಿ. ನಿಮ್ಮ ಅರ್ಜಿಯ ತಾರೀಖುಗಳೂ ಅದರ ಮೇಲೇ ನಿಲ್ಲುತ್ತವೆ.

ಎರಡನೆಯದು ಪಹಣಿ. ಅದು ಜಮೀನು ಯಾರದ್ದು ಎಂದು ಹೇಳುತ್ತದೆ, ಹಣ ಎಲ್ಲಿಂದ ಬಂತು ಎಂದು ಹೇಳುವುದಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ದೊಡ್ಡಪ್ಪನ ರಿಟರ್ನ್ಸ್ ಇಲ್ಲದಿರಬಹುದು. ಇದ್ದಕ್ಕಿದ್ದಂತೆ 30 ಲಕ್ಷ ಬಂದ ಖಾತೆ ನೋಡಿದರೆ ತೋರಿಸೋಕೆ ಸಾಲ ತಂದದ್ದು ಎಂಬ ಅನುಮಾನ ಬರುತ್ತದೆ. ಕ್ರಯಪತ್ರದ ನಕಲು, ಕೊಂಡವರಿಂದ ದೊಡ್ಡಪ್ಪನ ಖಾತೆಗೆ ಬಂದದ್ದು, ಅಲ್ಲಿಂದ ಅತ್ತೆಯ ಖಾತೆಗೆ ಹೋದದ್ದು, ಮೂರೂ ಸಾಲಾಗಿ ಕಾಣಬೇಕು. ಕ್ರಯಪತ್ರಕ್ಕೂ ಅನುವಾದ ಬೇಕು. ಕೊಟ್ಟದ್ದು ಸಾಲವಲ್ಲ, ಹಿಂದಿರುಗಿಸಬೇಕಿಲ್ಲ ಎಂದು ಪತ್ರದಲ್ಲಿ ಒಂದು ಸಾಲು ಸೇರಿಸಿ.

ಚಿಕಿತ್ಸೆಗೇ ಸುಮಾರು 35 ಲಕ್ಷ ಹೋಗುತ್ತದೆ. ಉಳಿದ ಏಳು ಲಕ್ಷದಲ್ಲಿ ಇಬ್ಬರ ಟಿಕೆಟ್, ಬಾಡಿಗೆ, ಊಟ ಹೇಗೆ ಆಗುತ್ತದೆ ಎಂದು ಲೆಕ್ಕ ಬರೆದಿಡಿ. ನೀವು ಉದ್ಯೋಗದಲ್ಲಿದ್ದರೆ ರಜೆ ಮಂಜೂರಾದ ಪತ್ರವೂ ಇರಲಿ.

ಮೂರ್ತಿ

*

'ಸಂಬಳವಿಲ್ಲದೆ' ಅಂತ ಬರೆದರೆ ಕೇಳದೇ ಇದ್ದ ಪ್ರಶ್ನೆಯನ್ನು ನಾವೇ ಎಬ್ಬಿಸಿದ ಹಾಗಲ್ಲವೇ? ತಮ್ಮನ ಮಗಳು ಅಂದ ಮೇಲೆ ಗೊತ್ತಾಗುತ್ತದೆ. ನಾನಾಗಿದ್ದರೆ ಆ ಪದ ತೆಗೆಯುತ್ತಿದ್ದೆ.

ನಾಗರಾಜ

*

ನನಗೆ ಅದು ಇರಲಿ ಅನ್ನಿಸುತ್ತದೆ. ಒಡಹುಟ್ಟಿದವರ ಮಕ್ಕಳನ್ನೂ ಮನೆಕೆಲಸಕ್ಕೆ ಕರೆದೊಯ್ಯುವುದುಂಟು.

ಮೂರ್ತಿ

*

ಇಬ್ಬರಿಗೂ ಧನ್ಯವಾದ. 'ಸಹಾಯಕಿ', 'ಅತ್ತೆ' ಎರಡೂ ತೆಗೆಸುತ್ತೇನೆ. 'ಸಂಬಳವಿಲ್ಲದೆ' ಬಗ್ಗೆ ಬೇರೆಯವರೂ ಹೇಳಿ. ದೊಡ್ಡಪ್ಪ ಭಾನುವಾರ ಬೆಂಗಳೂರಿಗೆ ಬರುತ್ತಾರೆ, ಅಷ್ಟರೊಳಗೆ ಗೊತ್ತಾದರೆ ಒಂದೇ ಸಲಕ್ಕೆ ಸಹಿ ಮಾಡಿಸಬಹುದು.

ಸುಮಾ